ಪರದೆ ಅಂಗಡಿಗೆ ಪಿಂಟರೆಸ್ಟಿನಿಂದ ಗಿರಾಕಿ ಬರುವುದು ಹೇಗೆ
(ಶಿರಸಿಯಲ್ಲಿ ಸಣ್ಣ ವ್ಯಾಪಾರಿಗಳ ಮುಂದೆ ಮಾಡಿದ ಮಾತಿನ ಬರಹ ರೂಪ)

ಇಲ್ಲಿ ಕೂತವರಲ್ಲಿ ಹೆಚ್ಚಿನವರು ಮನೆಯೊಳಗಿನ ಸಾಮಾನು ಮಾರುವವರು. ಪರದೆ, ಕುಶನ್ ಕವರ್, ಕೌದಿ, ಚಾಪೆ, ಬೆತ್ತದ ಕುರ್ಚಿ. ಎಲ್ಲರಿಗೂ ಇನ್‌ಸ್ಟಾಗ್ರಾಂ ಗೊತ್ತು. ಹಾಗಾಗಿ ಅಲ್ಲಿ ಹಾಕಿದ ಫೋಟೊವನ್ನೇ ತಂದು, ಚಿತ್ರ ಹುಡುಕಿ ಸೇರಿಸಿಟ್ಟುಕೊಳ್ಳುವ ತಾಣವಾದ ಪಿಂಟರೆಸ್ಟಿಗೂ ಹಾಕುತ್ತೀರಿ. ಒಂದು ವಾರ ನೋಡುತ್ತೀರಿ, ಏನೂ ಆಗುವುದಿಲ್ಲ, ಬಿಟ್ಟುಬಿಡುತ್ತೀರಿ. ಇವತ್ತು ನಾನು ಹೇಳಬೇಕೆಂದಿರುವುದು ಆ ಬಿಟ್ಟುಬಿಟ್ಟ ಖಾತೆಯ ಬಗ್ಗೆ.

ಇನ್‌ಸ್ಟಾಗ್ರಾಂ ನಮ್ಮ ಮಾರಿಕಾಂಬಾ ಜಾತ್ರೆಯ ಅಂಗಡಿ ಇದ್ದ ಹಾಗೆ. ಜನ ಜಾಸ್ತಿ, ಗದ್ದಲ ಜಾಸ್ತಿ. ಆದರೆ ಯಾರೂ ಪರದೆ ಬೇಕು ಅಂತ ಮನೆಯಿಂದ ಹೊರಟವರಲ್ಲ. ಕಣ್ಣಿಗೆ ಬಿದ್ದರೆ ನಿಂತರು, ಇಲ್ಲದಿದ್ದರೆ ಮುಂದೆ ಹೋದರು. ಪಿಂಟರೆಸ್ಟಿಗೆ ಬರುವವರು ಹಾಗಲ್ಲ. ಅವರು ಹುಡುಕುವ ಪೆಟ್ಟಿಗೆಯಲ್ಲಿ ಏನೋ ಟೈಪ್ ಮಾಡಿಯೇ ಬಂದಿರುತ್ತಾರೆ. ಹೊಸ ಮನೆ ಕಟ್ಟುತ್ತಿರುತ್ತಾರೆ, ಬಾಡಿಗೆ ಮನೆಗೆ ಹೋಗಿರುತ್ತಾರೆ, ಮಗಳ ಕೋಣೆ ಸರಿಮಾಡಬೇಕಾಗಿರುತ್ತದೆ. ತಲೆಯಲ್ಲಿ ಒಂದು ಕೋಣೆ ಇರುತ್ತದೆ. ಆ ಕೋಣೆಗೆ ಹೊಂದುವ ಚಿತ್ರ ಹುಡುಕುತ್ತಾರೆ, ಸಿಕ್ಕಿದ್ದನ್ನು ಬೋರ್ಡು ಅನ್ನುವ ತಮ್ಮ ಚಿತ್ರಗಳ ಕಟ್ಟಿಗೆ ಸೇರಿಸಿಟ್ಟುಕೊಳ್ಳುತ್ತಾರೆ, ದುಡ್ಡು ಒಟ್ಟಾದಾಗ ಮತ್ತೆ ಬಂದು ನೋಡುತ್ತಾರೆ.

ಇದರಿಂದ ಎರಡು ಸಂಗತಿ ಹೊರಡುತ್ತವೆ. ನಿಮಗೆ ಎಷ್ಟು ಜನ ಫಾಲೋವರ್ಸ್ ಇದ್ದಾರೆ ಅನ್ನುವುದು ಅಲ್ಲಿ ಅಷ್ಟು ಮುಖ್ಯ ಅಲ್ಲ. ಮತ್ತೆ, ನೀವು ಇವತ್ತು ಹಾಕಿದ ಪಿನ್, ಅಂದರೆ ಲಿಂಕ್ ಸೇರಿಸಿ ಅಲ್ಲಿ ಹಾಕುವ ಚಿತ್ರ, ಇವತ್ತೇ ಕೆಲಸ ಮಾಡಬೇಕಾಗಿಲ್ಲ. ಆರು ತಿಂಗಳ ನಂತರ ಯಾರೋ ಹುಡುಕಿದಾಗ ಅದು ಮೇಲೆ ಬಂದರೆ ಸಾಕು. ನಿಮ್ಮ ವೆಬ್‌ಸೈಟಿಗೆ ದಿನಾ ನಾಲ್ಕಾರು ಜನ ತಪ್ಪದೆ ಬರುವುದು ಇಂಥ ಹಳೆಯ ಪಿನ್‌ಗಳಿಂದ.

ಒಂದೇ ಉದಾಹರಣೆ ಇಟ್ಟುಕೊಂಡು ಹೋಗೋಣ. ನನಗೆ ಪರಿಚಯದ ಅಕ್ಕ ಒಬ್ಬರಿದ್ದಾರೆ, ಇದೇ ಶಿರಸಿಯವರು. ಹತ್ತಿಯ ಪರದೆ ಹೊಲಿಸಿ ಮಾರುತ್ತಾರೆ, ಜೊತೆಗೆ ಸ್ವಲ್ಪ ಕೌದಿ. ಸ್ವಂತ ವೆಬ್‌ಸೈಟ್ ಇದೆ, ಚಿಕ್ಕದು. ಹೆಸರು ಹೇಳಬೇಡ ಅಂದಿದ್ದಾರೆ, ಹೇಳುವುದಿಲ್ಲ. ಅವರ ಖಾತೆ ತೆರೆದು ನೋಡಿದಾಗ ಎರಡೇ ಬೋರ್ಡು. ಒಂದು `New Collection`, ಇನ್ನೊಂದು `Our Products`. ಒಳಗೆ ಮೇಜಿನ ಮೇಲೆ ಮಡಿಸಿಟ್ಟ ಬಟ್ಟೆಯ ಫೋಟೊ. ಅದರ ಮೇಲೆ ದಪ್ಪ ಅಕ್ಷರದಲ್ಲಿ ಬೆಲೆ ಮತ್ತು ಫೋನ್ ನಂಬರ್. ಒತ್ತಿದರೆ ಎಲ್ಲಾ ಪಿನ್‌ಗಳೂ ಹೋಗುವುದು ವೆಬ್‌ಸೈಟಿನ ಮೊದಲ ಪುಟಕ್ಕೆ.

ಇದರಲ್ಲಿ ಏನು ಸರಿ ಇಲ್ಲ ಅಂತ ಒಂದೊಂದಾಗಿ ನೋಡೋಣ. ಜಗತ್ತಿನಲ್ಲಿ ಯಾರಾದರೂ `Our Products` ಅಂತ ಹುಡುಕುತ್ತಾರಾ? ಆ ಬೋರ್ಡಿನ ಹೆಸರಿನಿಂದ ಪಿಂಟರೆಸ್ಟಿಗೆ ಒಳಗಿರುವುದು ಪರದೆಯೋ ಪಾತ್ರೆಯೋ ತಿಳಿಯುವುದಿಲ್ಲ. ಪಿನ್ ಯಾವ ಬೋರ್ಡಿನಲ್ಲಿದೆ ಅನ್ನುವುದು ಆ ಪಿನ್ ಏನು ಅಂತ ತಿಳಿಯಲು ಅದಕ್ಕೆ ಸಿಗುವ ಸುಳಿವುಗಳಲ್ಲಿ ಒಂದು. ಇನ್ನೊಂದು ಸುಳಿವು ಚಿತ್ರವೇ. ಪಿಂಟರೆಸ್ಟಿನ ಯಂತ್ರ ಚಿತ್ರದಲ್ಲಿ ಏನೇನಿದೆ ಅಂತ ಗುರುತಿಸುತ್ತದೆ. 2017ರಿಂದ ಲೆನ್ಸ್ ಅಂತ ಒಂದು ಸೌಲಭ್ಯವೂ ಇದೆ, ಫೋನಿನ ಕ್ಯಾಮೆರಾ ಹಿಡಿದರೆ ಅಂಥದೇ ವಸ್ತುಗಳನ್ನು ಹುಡುಕಿ ಕೊಡುತ್ತದೆ. ಮಡಿಸಿಟ್ಟ ಬಟ್ಟೆ ಚಿತ್ರದಲ್ಲಿ ಪರದೆ ಥರ ಕಾಣುವುದೇ ಇಲ್ಲ. ಸೀರೆಯೂ ಆಗಬಹುದು, ಬೆಡ್‌ಶೀಟೂ ಆಗಬಹುದು. ಕಿಟಕಿಗೆ ತೂಗುಹಾಕಿದರೆ ಮಾತ್ರ ಅದು ಪರದೆ. ಮನುಷ್ಯರಿಗೂ ಅಷ್ಟೇ ಅಲ್ವಾ? ತಲೆಯಲ್ಲಿ ಕೋಣೆ ಇಟ್ಟುಕೊಂಡು ಬಂದವರಿಗೆ ಕೋಣೆಯನ್ನೇ ತೋರಿಸಬೇಕು.

ಹಾಗಾಗಿ ಮೊದಲ ಕೆಲಸ ಫೋಟೊ ಅಲ್ಲ, ಬೋರ್ಡೂ ಅಲ್ಲ. ಜನ ಏನು ಟೈಪ್ ಮಾಡುತ್ತಾರೆ ಅಂತ ನೋಡುವುದು. ಇದಕ್ಕೆ ದುಡ್ಡು ಕೊಟ್ಟು ಯಾವ ಸಾಫ್ಟ್‌ವೇರೂ ತೆಗೆದುಕೊಳ್ಳಬೇಕಾಗಿಲ್ಲ. ಪಿಂಟರೆಸ್ಟಿನ ಹುಡುಕುವ ಪೆಟ್ಟಿಗೆಯಲ್ಲಿ `curtains for` ಅಂತ ಬರೆದು ಸುಮ್ನೆ ನಿಲ್ಲಿಸಿ. ಎಂಟರ್ ಒತ್ತಬೇಡಿ. ಕೆಳಗೆ ಒಂದು ಪಟ್ಟಿ ಬರುತ್ತದೆ. ಜನ ಹುಡುಕುವ ಮಾತುಗಳಿಂದಲೇ ಆ ಸಲಹೆಗಳು ಬರುವುದು. ಆಮೇಲೆ ಅಲ್ಲಿಂದ ಒಂದನ್ನು ಒತ್ತಿದರೆ ಮೇಲ್ಗಡೆ ಸಣ್ಣ ಸಣ್ಣ ಗುಂಡಿಗಳ ಸಾಲು ಬರುತ್ತದೆ: ಬಣ್ಣ, ಕೋಣೆ, ಶೈಲಿ ಹೀಗೆ. ಆ ಮಾತುಗಳನ್ನೂ ಬರೆದಿಟ್ಟುಕೊಳ್ಳಿ. ಒಂದು ನೋಟ್‌ಬುಕ್ಕಿನ ಎರಡು ಪುಟ ತುಂಬಿದರೆ ವರ್ಷಕ್ಕೆ ಸಾಕು.

ಕನ್ನಡದಲ್ಲಿ ಬರೆಯಬಾರದಾ ಅಂತ ಕೇಳಬಹುದು. ಬರೆಯಬಹುದು, ತಡೆ ಇಲ್ಲ. ಆದರೆ ಹುಬ್ಬಳ್ಳಿಯಲ್ಲಿ ಕೂತ ಕನ್ನಡದವರೂ ಅಲ್ಲಿ ಪರದೆ ಹುಡುಕುವಾಗ ಹೆಚ್ಚಾಗಿ ಇಂಗ್ಲಿಷಿನಲ್ಲೇ ಟೈಪ್ ಮಾಡುತ್ತಾರೆ. ಗಿರಾಕಿ ಯಾವ ಮಾತಿನಲ್ಲಿ ಕೇಳುತ್ತಾರೋ ಆ ಮಾತಿನಲ್ಲಿ ಬೋರ್ಡು ಬರೆಯೋಣ. ವೆಬ್‌ಸೈಟಿಗೆ ಬಂದ ಮೇಲೆ ಕನ್ನಡದಲ್ಲಿ ಮಾತಾಡಿಸೋಣ.

ಅಕ್ಕ ಈ ಕೆಲಸ ಮಾಡಿದ ಮೇಲೆ ಆ ಎರಡು ಬೋರ್ಡು ಹೋಗಿ ಐದು ಬಂದವು. ಬೋರ್ಡಿನ ಹೆಸರಿಗೆ 50 ಅಕ್ಷರದ ಮಿತಿ ಇದೆ, ಅಷ್ಟರೊಳಗೆ ನೇರವಾಗಿ ಹೇಳಬೇಕು. `Cotton Curtains for Living Room`, `Small Bedroom Curtain Ideas`, `Kitchen Window Curtains`, `Indian Home Balcony Decor`, `Patchwork Quilt Bedroom`. ಇದರಲ್ಲಿ ಜಾಣತನ ಏನೂ ಇಲ್ಲ ನೋಡಿ. ಕವಿತೆಯಂಥ ಹೆಸರಿಡುವ ಆಸೆ ಎಲ್ಲರಿಗೂ ಇರುತ್ತದೆ, ‘ಬೆಳಕಿನ ಕಿಟಕಿ’ ಅಂತೆಲ್ಲ. ಅದನ್ನು ಅಂಗಡಿಯ ಹೆಸರಿಗೆ ಇಟ್ಟುಕೊಳ್ಳಿ. ಬೋರ್ಡಿನ ವಿವರಣೆ ಬರೆಯಲು ಜಾಗ ಇದೆ, ಬಹಳ ಜನ ಅದನ್ನು ಖಾಲಿ ಬಿಡುತ್ತಾರೆ. ಎರಡು ಮೂರು ವಾಕ್ಯ ಬರೆಯಿರಿ. ಯಾವ ಬಟ್ಟೆ, ಯಾವ ಕೋಣೆ, ಎಂಥ ಮನೆ.

ಇನ್ನೊಂದು ಸಣ್ಣ ವಿಷಯ. ಅದೇ ಖಾತೆಯಲ್ಲಿ ಮೆಹಂದಿ, ರಂಗೋಲಿ, ಬ್ಲೌಸ್ ಡಿಸೈನ್ ಬೋರ್ಡುಗಳೂ ಇರುತ್ತವೆ. ಯಾಕೆಂದರೆ ಅದು ಮೊದಲು ಮನೆಯವರ ಸ್ವಂತ ಖಾತೆ. ಅಳಿಸುವುದು ಬೇಡ. ಬೋರ್ಡಿನ ಸೆಟ್ಟಿಂಗಿಗೆ ಹೋಗಿ ಸೀಕ್ರೆಟ್ ಮಾಡಿ, ನಿಮಗೆ ಮಾತ್ರ ಕಾಣುತ್ತದೆ. ಖಾತೆಯನ್ನು ಬಿಸಿನೆಸ್ ಖಾತೆಗೆ ಬದಲಿಸಲು ದುಡ್ಡು ಕೊಡಬೇಕಾಗಿಲ್ಲ. ಲೆಕ್ಕದ ಪುಟ ಅಂದರೆ ಅನಲಿಟಿಕ್ಸ್ ಪೂರ್ತಿ ಬೇಕಾದರೆ ಬದಲಿಸಲೇಬೇಕು.

ಈಗ ಪಿನ್ನಿಗೆ ಬರೋಣ. ಅಕ್ಕನ ಒಂದು ಪರದೆ ತೆಗೆದುಕೊಳ್ಳಿ: ಬಿಳಿ ಹತ್ತಿ, ತೆಳು, ಬೆಳಕು ಬಿಡುವಂಥದ್ದು. ಚಿತ್ರ ಉದ್ದಕ್ಕೆ ನಿಂತಿರಬೇಕು. ಅಗಲ ಎರಡು ಪಾಲು, ಎತ್ತರ ಮೂರು ಪಾಲು. ಪಿಕ್ಸೆಲ್ ಲೆಕ್ಕದಲ್ಲಿ 1000 ಅಗಲ, 1500 ಎತ್ತರ. ಇದಕ್ಕಿಂತ ಉದ್ದ ಮಾಡಿದರೆ ಕೆಳಗಿನ ಭಾಗ ಕತ್ತರಿಸಿ ತೋರಿಸಬಹುದು. ಇನ್‌ಸ್ಟಾಗ್ರಾಂನ ಚೌಕಾಕಾರದ ಫೋಟೊ ಹಾಕಿದರೆ ಫೋನಿನಲ್ಲಿ ನಿಮ್ಮ ಪಿನ್ ಪಕ್ಕದವರಿಗಿಂತ ಗಿಡ್ಡ ಕಾಣುತ್ತದೆ. ಪರದೆಗೆ ಈ ಉದ್ದನೆಯ ಆಕಾರ ಅನುಕೂಲವೇ, ಪರದೆ ಇರುವುದೇ ಉದ್ದಕ್ಕೆ.

ಒಂದೇ ಪರದೆಗೆ ನಾಲ್ಕು ಫೋಟೊ ತೆಗೆದೆವು. ಒಂದು, ಇಡೀ ಕೋಣೆ: ಕಿಟಕಿ, ಪರದೆ, ಪಕ್ಕದಲ್ಲಿ ಕುರ್ಚಿ, ಕೆಳಗೆ ಕೆಂಪು ಗಾರೆ ನೆಲ. ಎರಡು, ಬೆಳಿಗ್ಗೆಯ ಬೆಳಕು ಬಟ್ಟೆಯೊಳಗಿಂದ ಬರುವ ಹತ್ತಿರದ ನೋಟ, ನೂಲಿನ ಹೆಣಿಗೆ ಕಾಣುವಷ್ಟು ಹತ್ತಿರ. ಮೂರು, ಮೇಲಿನ ಸರಳು ಮತ್ತು ಪರದೆ ಸಿಕ್ಕಿಸುವ ಬಳೆ. ಇದು ಬೇಕೇ ಬೇಕು. ಕೊಳ್ಳುವವರಿಗೆ ದೊಡ್ಡ ಅನುಮಾನ ಇರುವುದೇ ನಮ್ಮ ಮನೆಯ ಸರಳಿಗೆ ಇದು ಹಿಡಿಯುತ್ತದಾ ಅಂತ. ನಾಲ್ಕು, ಬಾಗಿಲಿಗೆ ಹಾಕಿದ್ದು. ನಾಲ್ಕೂ ಬೇರೆ ಬೇರೆ ಪಿನ್, ನಾಲ್ಕೂ ಹೋಗುವುದು ಅದೇ ಒಂದು ಪುಟಕ್ಕೆ. ಆದರೆ ಒಂದೇ ದಿನ ನಾಲ್ಕನ್ನೂ ಸುರಿಯಬೇಡಿ. ಒಂದೇ ಲಿಂಕನ್ನು ಮೇಲಿಂದ ಮೇಲೆ ಹಾಕಿದರೆ ಪಿಂಟರೆಸ್ಟ್ ಅದನ್ನು ಸ್ಪ್ಯಾಮ್ ಅಂತ ತಿಳಿಯುವ ಅಪಾಯ ಇದೆ. ವಾರಕ್ಕೊಂದರಂತೆ ಹಾಕಿ, ದಿನಾಂಕ ಕೊಟ್ಟು ಮುಂಚೆಯೇ ಇಟ್ಟುಬಿಡಲೂ ಬರುತ್ತದೆ.

ತಲೆಬರಹಕ್ಕೆ 100 ಅಕ್ಷರ ಸಿಗುತ್ತದೆ. ಆದರೆ ಸಾಲಿನಲ್ಲಿ ನೋಡುವವರಿಗೆ ಕಾಣುವುದು ಮೊದಲ ಕೆಲವು ಪದ ಮಾತ್ರ. ಅಂಗಡಿಯ ಹೆಸರಿನಿಂದ ಶುರು ಮಾಡಿದರೆ ಆ ಜಾಗ ಹೋಯಿತು. `White Cotton Curtains for Living Room, 7 ft Door` ಅಂತ ಇಟ್ಟೆವು. ವಿವರಣೆಯಲ್ಲಿ ಎರಡು ಮೂರು ಸಾದಾ ವಾಕ್ಯ: ಬಟ್ಟೆ ಯಾವುದು, ಬೆಳಕು ಎಷ್ಟು ಬಿಡುತ್ತದೆ, ಯಾವ ಅಳತೆಯಲ್ಲಿ ಸಿಗುತ್ತದೆ. ಹ್ಯಾಷ್‌ಟ್ಯಾಗ್ ಇಪ್ಪತ್ತು ಪೋಣಿಸುವ ಇನ್‌ಸ್ಟಾಗ್ರಾಂ ಅಭ್ಯಾಸ ಇಲ್ಲಿ ಬೇಡ. ಫೋಟೊ ಮೇಲಿನ ಫೋನ್ ನಂಬರನ್ನೂ ತೆಗೆಸಿದೆ. ಅಕ್ಕನಿಗೆ ಸ್ವಲ್ಪ ಬೇಜಾರಾಯಿತು. ಆದರೆ ತಮ್ಮ ಚಂದದ ಬೋರ್ಡಿಗೆ ಫೋನ್ ನಂಬರ್ ಬರೆದ ಚಿತ್ರ ಸೇರಿಸಿಕೊಳ್ಳಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ?

ಲಿಂಕಿನ ವಿಷಯದಲ್ಲಿ ಎರಡು ಎಚ್ಚರ. ಉದ್ದ ಲಿಂಕನ್ನು ಚಿಕ್ಕದು ಮಾಡುವ ಸೇವೆಗಳಿವೆಯಲ್ಲ, ಅವನ್ನು ಬಳಸಬೇಡಿ. ಪಿಂಟರೆಸ್ಟ್ ಅಂಥ ಲಿಂಕನ್ನು ತಡೆಯುತ್ತದೆ. ಮತ್ತೆ, ಲಿಂಕ್ ಆ ಪರದೆಯ ಪುಟಕ್ಕೇ ಹೋಗಬೇಕು, ಬಾಲದಲ್ಲಿ ಒಂದು ಗುರುತು ಇರಲಿ. ಹೀಗೆ:

```
https://example.com/white-cotton-curtain?utm_source=pinterest&utm_medium=organic&utm_campaign=livingroom
```

ಪ್ರಶ್ನಾರ್ಥಕ ಚಿಹ್ನೆಯ ನಂತರ ಇರುವುದು ಪುಟವನ್ನು ಬದಲಿಸುವುದಿಲ್ಲ. ಸೈಟಿಗೆ ಬಂದವರ ಲೆಕ್ಕ ಇಡುವ ನಿಮ್ಮ ಗೂಗಲ್ ಅನಲಿಟಿಕ್ಸಿನಲ್ಲಿ ಈ ಮನುಷ್ಯ ಪಿಂಟರೆಸ್ಟಿನಿಂದ, ಲಿವಿಂಗ್ ರೂಮ್ ಬೋರ್ಡಿನ ಪಿನ್ನಿನಿಂದ ಬಂದ ಅಂತ ದಾಖಲಾಗುತ್ತದೆ, ಅಷ್ಟೇ. ಯಾವ ಬೋರ್ಡು ದುಡಿಯುತ್ತಿದೆ ಅಂತ ನಂತರ ತಿಳಿಯಲು ಇದೇ ದಾರಿ.

ಹಾಗೇ ವೆಬ್‌ಸೈಟ್ ನಿಮ್ಮದೇ ಅಂತ ಪಿಂಟರೆಸ್ಟಿಗೆ ತೋರಿಸಿಕೊಡಬೇಕು. ಕ್ಲೇಮ್ ಮಾಡುವುದು ಅಂತಾರೆ. ಸೆಟ್ಟಿಂಗಿನಲ್ಲಿ ಅವರು ಒಂದು ಸಾಲು ಕೊಡುತ್ತಾರೆ, ಅದನ್ನು ನಿಮ್ಮ ಸೈಟಿನ ಮುಖಪುಟದ ಹೆಡ್ ಭಾಗದಲ್ಲಿ ಅಂಟಿಸಬೇಕು:

```
<meta name="p:domain_verify" content="ಅವರು ಕೊಟ್ಟ ಕೋಡ್"/>
```

ಇದನ್ನು ಮಾಡಿದರೆ ಬೇರೆಯವರು ನಿಮ್ಮ ಸೈಟಿನಿಂದ ತಾವಾಗಿಯೇ ಸೇರಿಸಿಕೊಂಡ ಚಿತ್ರಗಳ ಲೆಕ್ಕವೂ ನಿಮಗೆ ಸಿಗುತ್ತದೆ. ಸೈಟಿನಲ್ಲಿ ಬೆಲೆಯ ಮಾಹಿತಿ ಸರಿಯಾದ ಕ್ರಮದಲ್ಲಿದ್ದರೆ, ಪಿನ್ನಿನಲ್ಲಿ ಬೆಲೆ ಮತ್ತು ಸ್ಟಾಕ್ ಇದೆಯೋ ಇಲ್ಲವೋ ಅನ್ನುವುದು ತಾನಾಗಿ ಬರುತ್ತದೆ. ರಿಚ್ ಪಿನ್ ಅಂದರೆ ಅದು. ನಾಳೆ ಸೈಟಿನಲ್ಲಿ ಬೆಲೆ ಬದಲಿಸಿದರೆ ಅಲ್ಲಿಯೂ ಬದಲಾಗುತ್ತದೆ. ಫೋಟೊ ಮೇಲೆ ಬೆಲೆ ಬರೆದಿದ್ದರೆ ಏನು ಮಾಡುತ್ತೀರಿ? ಎರಡು ವರ್ಷದ ಹಿಂದಿನ ಬೆಲೆ ಹಿಡಿದುಕೊಂಡು ಗಿರಾಕಿ ಜಗಳಕ್ಕೆ ಬರುತ್ತಾರೆ. ನಿಮ್ಮದು ಸ್ವಂತ ಸೈಟ್ ಅಲ್ಲ, ಯಾವುದೋ ದೊಡ್ಡ ಮಾರಾಟ ತಾಣದೊಳಗಿನ ಪುಟ ಅಂತಾದರೆ ಅದನ್ನು ಕ್ಲೇಮ್ ಮಾಡಲು ಬರುವುದಿಲ್ಲ. ಪಿನ್ ಹಾಕಬಹುದು, ಆದರೆ ಬೇರೆಯವರು ಸೇರಿಸಿಕೊಂಡದ್ದರ ಲೆಕ್ಕ ಸಿಗುವುದಿಲ್ಲ.

ಸೈಟ್ ಮಾಡಿಕೊಟ್ಟವರ ಹತ್ತಿರ ಒಂದು ಮಾತು ಕೇಳಿ. ಮುಖಪುಟದಲ್ಲಿ ಜಾರುವ ದೊಡ್ಡ ಚಿತ್ರಗಳಿರುತ್ತವಲ್ಲ, ಅವು ಬ್ಯಾಕ್‌ಗ್ರೌಂಡ್ ಚಿತ್ರವಾಗಿ ಕೂತಿದ್ದರೆ ಪಿಂಟರೆಸ್ಟಿನ ಸೇವ್ ಬಟನ್‌ಗೆ ಅವು ಕಾಣುವುದೇ ಇಲ್ಲ. ನಿಮ್ಮ ಅತ್ಯಂತ ಚಂದದ ಫೋಟೊವನ್ನೇ ಯಾರೂ ಸೇರಿಸಿಕೊಳ್ಳಲಾಗದ ಹಾಗೆ ಇಟ್ಟಂತಾಯಿತು. ಪರೀಕ್ಷೆ ಸುಲಭ. ಬ್ರೌಸರಿಗೆ ಸೇವ್ ಬಟನ್ ಹಾಕಿಕೊಂಡು ನಿಮ್ಮದೇ ಪುಟದಲ್ಲಿ ಒತ್ತಿ ನೋಡಿ. ಯಾವ ಚಿತ್ರಗಳು ಬರುತ್ತವೆ, ಯಾವುದು ಬರುವುದಿಲ್ಲ ಅಂತ ಕಣ್ಣೆದುರಿಗೇ ಗೊತ್ತಾಗುತ್ತದೆ. ಪುಟದ ಕೋಡಿನಲ್ಲಿ `nopin` ಅನ್ನುವ ಪದ ಇದೆಯಾ ಅಂತಲೂ ನೋಡಿ. ಇದ್ದರೆ ಸೇರಿಸಿಕೊಳ್ಳುವುದನ್ನೇ ನಿಷೇಧಿಸಿದ್ದಾರೆ ಅಂತ ಅರ್ಥ.

ಸರಿ, ಈಗ ಒಬ್ಬರು ಪಿನ್ ಒತ್ತಿ ಅಕ್ಕನ ಪುಟಕ್ಕೆ ಬಂದರು ಅಂದುಕೊಳ್ಳಿ. ಅವರ ಕಣ್ಣಿಗೆ ಮೊದಲು ಬೀಳಬೇಕಾದದ್ದು ಪಿನ್ನಿನಲ್ಲಿ ನೋಡಿದ ಅದೇ ಚಿತ್ರ. ಅದೇ ಕಿಟಕಿ, ಅದೇ ಕೆಂಪು ನೆಲ. ಅದು ಕಾಣದಿದ್ದರೆ ತಪ್ಪು ಜಾಗಕ್ಕೆ ಬಂದೆ ಅಂದುಕೊಂಡು ಹಿಂದೆ ಹೋಗುತ್ತಾರೆ. ಮುಖಪುಟಕ್ಕೆ ಕಳಿಸಿದರೆ ಆಗುವುದು ಇದೇ. ಅಲ್ಲಿ ನಲವತ್ತು ಪರದೆಯಲ್ಲಿ ತಾನು ನೋಡಿದ್ದನ್ನು ಹುಡುಕುವ ತಾಳ್ಮೆ ಯಾರಿಗೂ ಇಲ್ಲ.

ಆಮೇಲೆ ಅಳತೆ. ಪರದೆಯ ವ್ಯಾಪಾರದಲ್ಲಿ ಅರ್ಧ ಗೊಂದಲ ಅಳತೆಯದ್ದೇ, ನಿಮಗೆ ಗೊತ್ತಿದ್ದದ್ದೇ. ನಮ್ಮಲ್ಲಿ ಸಿದ್ಧ ಪರದೆ ಸಾಮಾನ್ಯವಾಗಿ ಕಿಟಕಿಗೆ 5 ಅಡಿ, ಬಾಗಿಲಿಗೆ 7 ಅಡಿ, ಉದ್ದ ಬಾಗಿಲಿಗೆ 9 ಅಡಿ. ಅಗಲ ಒಂದಕ್ಕೆ 4 ಅಡಿ. ಎಷ್ಟು ಪರದೆ ಬೇಕು ಅನ್ನುವುದು ಕೊಳ್ಳುವವರಿಗೆ ತಿಳಿಯುವುದಿಲ್ಲ. ಹಾಗಾಗಿ ಅಕ್ಕ ಪುಟದಲ್ಲಿ ಒಂದು ಲೆಕ್ಕ ಬರೆದರು. ಕಿಟಕಿ 4 ಅಡಿ ಅಗಲ. ಸರಳು ಎರಡೂ ಕಡೆ ಅರ್ಧರ್ಧ ಅಡಿ ಹೊರಗೆ ಬರಬೇಕು, ಒಟ್ಟು 5 ಅಡಿ. ನಿರಿಗೆ ಚೆನ್ನಾಗಿ ಬೀಳಬೇಕಾದರೆ ಸರಳಿನ ಒಂದೂವರೆಯಿಂದ ಎರಡು ಪಟ್ಟು ಬಟ್ಟೆ ಬೇಕು, ಅಂದರೆ ಏಳೂವರೆಯಿಂದ 10 ಅಡಿ. 4 ಅಡಿಯ ಎರಡು ಪರದೆ ಹಾಕಿದರೆ 8 ಅಡಿ, ಸಾಕಾಗುತ್ತದೆ.

ಈ ಲೆಕ್ಕದಿಂದ ಒಂದು ಪಾಠ ಸಿಕ್ಕಿತು, ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಲೆಕ್ಕ ಚೆನ್ನಾಗಿದೆ ಅಂತ ಅಕ್ಕ ಅದನ್ನೇ ಒಂದು ಚಿತ್ರ ಮಾಡಿ ಪಿನ್ ಹಾಕಿದರು. ಕಿಟಕಿಯ ರೇಖಾಚಿತ್ರ, ಬಾಣದ ಗುರುತು, ಪಕ್ಕದಲ್ಲಿ ಪೂರ್ತಿ ಕೋಷ್ಟಕ. ಜನ ಅದನ್ನು ಸೇರಿಸಿಕೊಂಡರೋ ಸೇರಿಸಿಕೊಂಡರು. ಅವರ ಬೇರೆ ಯಾವ ಪಿನ್ನಿಗೂ ಅಷ್ಟು ಸೇವ್ ಬಿದ್ದಿರಲಿಲ್ಲ. ವೆಬ್‌ಸೈಟಿಗೆ ಬಂದವರು? ಹೆಚ್ಚುಕಡಿಮೆ ಯಾರೂ ಇಲ್ಲ. ಯಾಕೆ ಬರಬೇಕು ಹೇಳಿ, ಬೇಕಾದ್ದೆಲ್ಲ ಚಿತ್ರದಲ್ಲೇ ಸಿಕ್ಕಿತಲ್ಲ!

ಇಲ್ಲಿ ಪಿಂಟರೆಸ್ಟಿನ ಅನಲಿಟಿಕ್ಸಿನ ನಾಲ್ಕು ಅಂಕಿ ತಿಳಿದುಕೊಳ್ಳಬೇಕು. ಇಂಪ್ರೆಷನ್ ಅಂದರೆ ಪಿನ್ ಎಷ್ಟು ಸಲ ಪರದೆಯ ಮೇಲೆ ಕಂಡಿತು. ನಿಮ್ಮ ಪರದೆ ಅಲ್ಲ, ಫೋನಿನ ಪರದೆ! ಸೇವ್ ಅಂದರೆ ಎಷ್ಟು ಸಲ ಬೋರ್ಡಿಗೆ ಸೇರಿತು. ಪಿನ್ ಕ್ಲಿಕ್ ಅಂದರೆ ಪಿನ್ನಿನ ಮೇಲೆ ಬಿದ್ದ ಒತ್ತುಗಳು, ದೊಡ್ಡದು ಮಾಡಿ ನೋಡಿದ್ದೂ ಅದರಲ್ಲಿ ಸೇರುತ್ತದೆ. ಔಟ್‌ಬೌಂಡ್ ಕ್ಲಿಕ್ ಅಂದರೆ ಪಿಂಟರೆಸ್ಟ್ ಬಿಟ್ಟು ನಿಮ್ಮ ಸೈಟಿನ ಕಡೆ ಹೊರಟವರು. ನಮಗೆ ಬೇಕಾದದ್ದು ಈ ಕೊನೆಯದು. ಟಾಪ್ ಪಿನ್‌ಗಳ ಪಟ್ಟಿಯನ್ನು ಔಟ್‌ಬೌಂಡ್ ಕ್ಲಿಕ್ ಪ್ರಕಾರ ಜೋಡಿಸಿ ನೋಡಿ. ಇಂಪ್ರೆಷನ್ ಪ್ರಕಾರ ಮೇಲಿದ್ದ ಪಿನ್ ಇಲ್ಲಿ ಎಲ್ಲೋ ಕೆಳಗೆ ಹೋಗಿರುತ್ತದೆ.

ಆ ಅಂಕಿಗಳನ್ನು ಜೊತೆಯಾಗಿ ಓದಬೇಕು. ಸೇವ್ ಜಾಸ್ತಿ, ಔಟ್‌ಬೌಂಡ್ ಇಲ್ಲ ಅಂದರೆ ಚಿತ್ರವೇ ಎಲ್ಲ ಹೇಳಿಬಿಟ್ಟಿದೆ, ಇಲ್ಲವೇ ಒತ್ತಿದರೆ ಇನ್ನೇನು ಸಿಗುತ್ತದೆ ಅಂತ ಗೊತ್ತಾಗುತ್ತಿಲ್ಲ. ಇಂಪ್ರೆಷನ್ ಇದೆ, ಬೇರೆ ಏನೂ ಇಲ್ಲ ಅಂದರೆ ಹುಡುಕಿದ ಮಾತಿಗೂ ನಿಮ್ಮ ಚಿತ್ರಕ್ಕೂ ಹೊಂದುತ್ತಿಲ್ಲ, ಅಥವಾ ಚಿತ್ರ ಚೆನ್ನಾಗಿಲ್ಲ. ಇಂಪ್ರೆಷನ್ನೇ ಇಲ್ಲ ಅಂದರೆ ಬೋರ್ಡಿನ ಹೆಸರು, ತಲೆಬರಹ ನೋಡಿಕೊಳ್ಳಿ. ಔಟ್‌ಬೌಂಡ್ ಕ್ಲಿಕ್ ಇದೆ, ಆದರೆ ಗೂಗಲ್ ಅನಲಿಟಿಕ್ಸಿನಲ್ಲಿ ಅದಕ್ಕಿಂತ ಬಹಳ ಕಡಿಮೆ ಜನ ಕಾಣುತ್ತಾರೆ ಅಂದರೆ ನಿಮ್ಮ ಪುಟ ತೆರೆಯುವುದು ನಿಧಾನ ಆಗಿರಬಹುದು. ಫೋನಿನಲ್ಲಿ, ಮನೆಯ ವೈಫೈ ಆರಿಸಿ, ನೀವೇ ತೆರೆದು ನೋಡಿ. ಕ್ಯಾಮೆರಾದಿಂದ ಬಂದ ದೊಡ್ಡ ಫೋಟೊವನ್ನು ಹಾಗೇ ಏರಿಸಿದ ಪುಟ ಘಟ್ಟದ ಕೆಳಗಿನ ಊರುಗಳ ನೆಟ್‌ವರ್ಕಿನಲ್ಲಿ ತೆರೆಯುವುದೇ ಇಲ್ಲ.

ಅಳತೆಯ ಆ ಪಿನ್ನನ್ನು ಅಕ್ಕ ಅಳಿಸಲಿಲ್ಲ. ಇನ್ನೊಂದು ಮಾಡಿದರು. ಈ ಸಲ ಚಿತ್ರದಲ್ಲಿ ನಿರಿಗೆ ಚಂದವಾಗಿ ಬಿದ್ದ ಪರದೆ, ಪಕ್ಕದಲ್ಲಿ ನಿರಿಗೆ ಸಾಲದೆ ಬೆಡ್‌ಶೀಟ್ ಥರ ಚಪ್ಪಟೆ ನಿಂತ ಪರದೆ. ಮೇಲೆ ಒಂದೇ ಸಾಲು, ನಿಮ್ಮ ಕಿಟಕಿಗೆ ಎಷ್ಟು ಬೇಕು ಅನ್ನುವ ಅರ್ಥದ್ದು. ಲೆಕ್ಕ ಪುಟದಲ್ಲಿದೆ, ಅಲ್ಲಿಗೇ ಲಿಂಕ್. ಇದಕ್ಕೆ ಸೇವ್ ಕಡಿಮೆ. ಆದರೆ ತಿಂಗಳು ತಿಂಗಳೂ ಅಕ್ಕನ ಸೈಟಿಗೆ ಜನರನ್ನು ಕಳಿಸುತ್ತಿರುವ ಪಿನ್ ಇದು. ಒಂದು ಮಾತು ಮಾತ್ರ ನೆನಪಿರಲಿ: ಒತ್ತಿ ಬಂದವರಿಗೆ ಲೆಕ್ಕ ನಿಜವಾಗಿ ಸಿಗಬೇಕು. ಆಸೆ ಹುಟ್ಟಿಸಿ ಖಾಲಿ ಪುಟಕ್ಕೆ ಕಳಿಸಿದರೆ ಅವರು ಬಂದ ಹಾಗೇ ವಾಪಸ್ ಹೋಗುತ್ತಾರೆ.

ಇನ್ನೊಂದು ತೊಂದರೆ ಇದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಪಿಂಟರೆಸ್ಟ್ ಅಮೆರಿಕದಲ್ಲಿ ಬಹಳ ಬಳಕೆಯಲ್ಲಿದೆ. ನಿಮ್ಮ ಸೈಟಿಗೆ ಜನ ಬರತೊಡಗಿದಾಗ ಖುಷಿಯಾಗುತ್ತದೆ. ಗೂಗಲ್ ಅನಲಿಟಿಕ್ಸಿನಲ್ಲಿ ದೇಶದ ಪಟ್ಟಿ ತೆರೆದರೆ ಅದರಲ್ಲಿ ಹೊರದೇಶದವರೇ ಹೆಚ್ಚಿರಬಹುದು. ನೀವು ಅಲ್ಲಿಗೆ ಕಳಿಸುವುದಿಲ್ಲ ಅಂದರೆ ಆ ಬರುವಿಕೆಯಿಂದ ಏನೂ ಉಪಯೋಗ ಇಲ್ಲ. ಪೂರ್ತಿ ತಡೆಯಲು ಆಗುವುದಿಲ್ಲ, ಆದರೆ ಸ್ವಲ್ಪ ತಿರುಗಿಸಬಹುದು. ತಲೆಬರಹದಲ್ಲಿ ಇಂಚಿನ ಬದಲು ಅಡಿ ಬಳಸಿ. ಅಮೆರಿಕದವರು ಪರದೆಯನ್ನು 84 ಇಂಚು, 96 ಇಂಚು ಅಂತ ಹುಡುಕುತ್ತಾರೆ, ನಮ್ಮವರು 7 ಅಡಿ, 9 ಅಡಿ ಅನ್ನುತ್ತಾರೆ. `Indian home` ಅನ್ನುವ ಮಾತು ಸೇರಿಸಿ. ಫೋಟೊದಲ್ಲಿ ಸರಳಿನ ಕಿಟಕಿ ಇರಲಿ, ಜಗಲಿ ಇರಲಿ, ಸೀಲಿಂಗ್ ಫ್ಯಾನ್ ಇರಲಿ. ಬಹಳ ಜನ ವಿದೇಶಿ ಮ್ಯಾಗಜಿನ್ ಥರ ಕಾಣಲಿ ಅಂತ ಕಿಟಕಿಯ ಸರಳು ಕಾಣದ ಹಾಗೆ ಕೋನ ಹಿಡಿಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ತಿರುಗುಬಾಣ. ಧಾರವಾಡದಲ್ಲಿ ಮನೆ ಕಟ್ಟುವವರಿಗೆ ತಮ್ಮ ಕಿಟಕಿಯಂಥ ಕಿಟಕಿಯೇ ಬೇಕು.

ಫೋಟೊ ಅಂದಾಗ ನಮ್ಮೂರಿನ ಕಷ್ಟವನ್ನೂ ಹೇಳಬೇಕು. ಹಬ್ಬದ ಪಿನ್‌ಗಳನ್ನು ಹಬ್ಬಕ್ಕಿಂತ ಒಂದೂವರೆ ಎರಡು ತಿಂಗಳು ಮುಂಚೆ ಹಾಕಬೇಕು. ಜನ ಮೊದಲೇ ಹುಡುಕಲು ಶುರು ಮಾಡುತ್ತಾರೆ, ಪಿನ್ ಮೇಲೆ ಬರಲಿಕ್ಕೂ ಸಮಯ ಬೇಕು. ದೀಪಾವಳಿಗೆ ಮನೆ ತೊಳೆದು ಹೊಸ ಪರದೆ ಹಾಕುವವರಿಗಾಗಿ ಪಿನ್ ಹೊರಡಬೇಕಾದದ್ದು ಆಗಸ್ಟ್, ಸಪ್ಟೆಂಬರಿನಲ್ಲಿ. ಆಗ ಶಿರಸಿಯಲ್ಲಿ ಏನಿರುತ್ತದೆ? ಮಳೆ, ಮೋಡ, ಮಧ್ಯಾಹ್ನವೂ ದೀಪ ಹಾಕುವ ಕೋಣೆ. ತೆಳು ಬಿಳಿ ಪರದೆಯ ಫೋಟೊ ಬೂದುಬಣ್ಣಕ್ಕೆ ಬರುತ್ತದೆ. ಬಟ್ಟೆ ಬಿಳಿಯೋ ಮಾಸಲೋ ಗೊತ್ತಾಗುವುದಿಲ್ಲ. ಹಾಗಾಗಿ ದೀಪಾವಳಿಯ ಫೋಟೊವನ್ನು ಮೇ ತಿಂಗಳಲ್ಲೇ, ಮೊದಲ ಮಳೆಗೆ ಮುಂಚೆ ತೆಗೆದಿಡಿ. ಕರಾವಳಿಯಲ್ಲಿರುವವರಿಗೂ ಇದೇ ಮಾತು. ಕುಮಟಾ, ಕಾರವಾರದಲ್ಲಿ ಜೂನ್ ಶುರುವಾದರೆ ಮತ್ತೆ ಬೆಳಕಿಗೆ ಕಾಯಬೇಕು.

ಕೊನೆಯದಾಗಿ, ಬರುತ್ತಿದ್ದ ಜನ ನಿಂತುಹೋಗುವುದು ಯಾಕೆ ಅನ್ನುವುದು. ಹೆಚ್ಚಾಗಿ ಪಿಂಟರೆಸ್ಟಿನ ತಪ್ಪಲ್ಲ, ನಾವೇ ಪುಟ ತೆಗೆದಿರುತ್ತೇವೆ. ಸ್ಟಾಕ್ ಮುಗಿಯಿತು, ಪುಟ ಅಳಿಸಿದೆವು. ಅಥವಾ ಸೈಟ್ ಹೊಸದು ಮಾಡಿಸಿದೆವು, ವಿಳಾಸಗಳೆಲ್ಲ ಬದಲಾದವು. ಪಿನ್ ಮಾತ್ರ ಎಷ್ಟೋ ಜನರ ಬೋರ್ಡಿನಲ್ಲಿ ಹಳೆಯ ವಿಳಾಸ ಹಿಡಿದುಕೊಂಡು ಕೂತಿರುತ್ತದೆ. ನಿಮ್ಮ ಪಿನ್ನಿನ ಲಿಂಕನ್ನು ನೀವು ತಿದ್ದಬಹುದು, ಆದರೆ ಬೇರೆಯವರ ಬೋರ್ಡಿಗೆ ಹೋದದ್ದನ್ನೆಲ್ಲ ಅದು ಸರಿಮಾಡುತ್ತದೆ ಅಂತ ನಂಬಿ ಕೂರಬೇಡಿ. ಸರಿಪಡಿಸುವ ಜಾಗ ನಿಮ್ಮ ಸೈಟು. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸ ವಿಳಾಸಕ್ಕೆ ಕಳಿಸುವ 301 ರೀಡೈರೆಕ್ಟ್ ಹಾಕಿಸಿ. ಅದೂ ಮುಖಪುಟಕ್ಕಲ್ಲ, ಅದಕ್ಕೆ ಅತಿ ಹತ್ತಿರದ ಪರದೆಯ ಪುಟಕ್ಕೆ. ಸ್ಟಾಕ್ ಮುಗಿದರೆ ಪುಟ ಇರಲಿ, ಮತ್ತೆ ಯಾವಾಗ ಬರುತ್ತದೆ ಅಂತ ಬರೆದು ಕೆಳಗೆ ಅಂಥದೇ ಮೂರು ಪರದೆ ತೋರಿಸಿ.

ಕೌದಿಯವರಿಗೆ ಇದು ಇನ್ನೂ ಬಿಗಿಯಾದ ಸಮಸ್ಯೆ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಣ್ಣುಮಕ್ಕಳು ಹಳೆ ಬಟ್ಟೆಯ ತುಂಡು ಜೋಡಿಸಿ ಹೊಲಿಯುವ ಕೌದಿ ನೋಡಿದ್ದೀರಲ್ಲ, ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಮಾರಿಹೋದರೆ ಮುಗಿಯಿತು. ಪಿನ್ ವರ್ಷಗಟ್ಟಲೆ ಓಡುತ್ತದೆ, ಕೌದಿ ವಾರದಲ್ಲಿ ಹೋಗುತ್ತದೆ. ಹಾಗಾಗಿ ಒಂದೊಂದು ಕೌದಿಯ ಪುಟಕ್ಕೆ ಪಿನ್ ಕಟ್ಟಬೇಡಿ. ದೊಡ್ಡ ಮಂಚದ ಕೌದಿಗಳು, ಮಕ್ಕಳ ಕೌದಿಗಳು ಅಂತ ಬಗೆಯ ಪುಟ ಮಾಡಿ, ಪಿನ್ ಅಲ್ಲಿಗೆ ಹೋಗಲಿ. ಒಳಗಿನ ಕೌದಿಗಳು ಬದಲಾಗುತ್ತಿರಲಿ. ಮಾರಿಹೋದ ಕೌದಿಯ ಫೋಟೊವನ್ನೂ ಆ ಪುಟದ ಮೇಲೆಯೇ ಉಳಿಸಿ, ಇದು ಹೋಯಿತು, ಇಂಥದ್ದು ಹೊಲಿದು ಕೊಡುತ್ತೇವೆ, ಇಷ್ಟು ವಾರ ಬೇಕು ಅಂತ ಬರೆಯಿರಿ.

ದಿನಕ್ಕೆ ಎಷ್ಟು ಪಿನ್ ಹಾಕಬೇಕು ಅಂತ ಹಿಂದಿನ ಸಾಲಿನಿಂದ ಕೇಳುತ್ತಿದ್ದಾರೆ. ನಾನು ಸಂಖ್ಯೆ ಹೇಳುವುದಿಲ್ಲ. ಒಳ್ಳೆಯ ಫೋಟೊ ವಾರಕ್ಕೆ ಎರಡಾದರೆ ಎರಡೇ ಹಾಕಿ, ಆದರೆ ನಡುವೆ ಎರಡು ತಿಂಗಳು ಬಿಟ್ಟು ಆಮೇಲೆ ಒಮ್ಮೆಲೇ ಐವತ್ತು ಹಾಕಬೇಡಿ. ಹಾಕಿದ ಮೇಲೆ ವಾರ ವಾರ ಅಂಕಿ ನೋಡುತ್ತಾ ಕೂರುವುದೂ ಬೇಡ. ಅನಲಿಟಿಕ್ಸಿನಲ್ಲಿ 90 ದಿನದ ಅವಧಿ ಇಟ್ಟು ನೋಡಿ. ಆ ಪಟ್ಟಿಯಲ್ಲಿ ಔಟ್‌ಬೌಂಡ್ ಕ್ಲಿಕ್ ತಂದ ಮೊದಲ ಐದು ಪಿನ್ ಒತ್ತಿ, ಅವು ಹೋಗುವ ಪುಟ ಇನ್ನೂ ತೆರೆಯುತ್ತದಾ, ಬೆಲೆ ಸರಿ ಇದೆಯಾ, ಸ್ಟಾಕ್ ಇದೆಯಾ ಅಂತ ಫೋನಿನಲ್ಲಿ ಪರೀಕ್ಷೆ ಮಾಡಿ. ಆಮೇಲೆ ಅದೇ ಐದು ಪುಟಗಳಿಗೆ ಹೊಸ ಫೋಟೊ ತೆಗೆಯಲು ಹೊರಡಿ.